ನಿವೃತ್ತಿಗೆ ಎಷ್ಟು ಇಡುಗಂಟು ಬೇಕು, ತಿಂಗಳಿಗೆ ಎಷ್ಟು ಹಾಕಬೇಕು: ಬೆಲೆ ಏರಿಕೆ ಸೇರಿಸಿ ಲೆಕ್ಕ ಹಾಕುವ ಕ್ರಮ

ನಿವೃತ್ತಿಯ ಲೆಕ್ಕ ಹಾಕಿದವರ ಹಾಳೆ ತೆರೆದು ನೋಡಿದರೆ ಹೆಚ್ಚಾಗಿ ಒಂದೇ ಜಾಗದಲ್ಲಿ ತಪ್ಪಿರುತ್ತದೆ. ನಿವೃತ್ತಿಯ ದಿನದವರೆಗೆ ಬೆಲೆಗಳನ್ನು ಏರಿಸಿರುತ್ತಾರೆ. ಅಲ್ಲಿಂದ ಮುಂದೆ ಬೆಲೆ ಏರುವುದೇ ಇಲ್ಲ ಎನ್ನುವ ಹಾಗೆ ಲೆಕ್ಕ ಮುಗಿಸಿರುತ್ತಾರೆ. ಆದರೆ 60ನೇ ವಯಸ್ಸಿನಲ್ಲಿ ಸಂಬಳ ನಿಲ್ಲುತ್ತದೆಯೇ ಹೊರತು ಅಕ್ಕಿ, ಔಷಧಿ, ಕರೆಂಟಿನ ಬೆಲೆ ಏರುವುದು ನಿಲ್ಲುವುದಿಲ್ಲ ಅಲ್ವಾ? ಆಮೇಲಿನ 30 ವರ್ಷದ ಏರಿಕೆಯನ್ನು ಬಿಟ್ಟರೆ ಉತ್ತರ ಅರ್ಧಕ್ಕೆ ಇಳಿಯುತ್ತದೆ.

ಹಾಗಾಗಿ ಇಲ್ಲಿ ಒಂದೇ ಕುಟುಂಬದ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಮಾಡೋಣ. ಮೈಸೂರಿನಲ್ಲಿರುವ ದಂಪತಿ ಎಂದುಕೊಳ್ಳಿ. ಗಂಡನಿಗೆ 35, ಹೆಂಡತಿಗೆ 32. ಗಂಡ ಖಾಸಗಿ ಕಂಪನಿಯಲ್ಲಿದ್ದಾರೆ, 60ಕ್ಕೆ ನಿವೃತ್ತಿ. ಹೆಂಡತಿ ಮನೆ ನೋಡಿಕೊಳ್ಳುತ್ತಾರೆ. ಸ್ವಂತ ಮನೆ ಇದೆ, ಸಾಲದ ಕಂತು ನಡೆಯುತ್ತಿದೆ. ಒಬ್ಬ ಮಗಳು ಶಾಲೆಯಲ್ಲಿದ್ದಾಳೆ. ನಿಮ್ಮ ಅಂಕಿ ಬೇರೆ ಇರುತ್ತದೆ, ಆದರೆ ಕ್ರಮ ಇದೇ.

## ಮೊದಲು ಕೈಯಲ್ಲಿ ಇಟ್ಟುಕೊಳ್ಳಬೇಕಾದ್ದು

ಕಳೆದ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ಮತ್ತು ಕ್ರೆಡಿಟ್ ಕಾರ್ಡ್ ಪಟ್ಟಿ, ಪಿಎಫ್ ಪಾಸ್‌ಬುಕ್, ಮತ್ತು ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್. ಇಷ್ಟು ಸಾಕು. ಒಂದೇ ತಿಂಗಳ ಸ್ಟೇಟ್‌ಮೆಂಟ್ ಹಿಡಿದು ಕೂರಬೇಡಿ. ಗೌರಿ ಗಣೇಶ ಹಬ್ಬ, ಕಂದಾಯ, ಗಾಡಿಯ ವಿಮೆ, ಮದುವೆ ಮನೆಯ ಉಡುಗೊರೆ ಎಲ್ಲವೂ ವರ್ಷಕ್ಕೊಮ್ಮೆ ಬರುವ ಖರ್ಚು. ಒಂದು ತಿಂಗಳಲ್ಲಿ ಅವು ಕಾಣುವುದಿಲ್ಲ.

ಜಾಲತಾಣಗಳಲ್ಲಿ ಸಿದ್ಧ ಕ್ಯಾಲ್ಕುಲೇಟರ್‌ಗಳಿವೆ. ಅವುಗಳ ಒಳಗೆ ಯಾವ ಲೆಕ್ಕ ನಡೆಯುತ್ತದೆ ಎಂದು ಕಾಣುವುದಿಲ್ಲ. ಮೊದಲು ನಿಮ್ಮದೇ ಹಾಳೆ ಮಾಡಿ, ಆಮೇಲೆ ಬೇಕಾದರೆ ಅದರ ಜೊತೆ ಹೋಲಿಸಿ.

## ಹಂತ 1: ನಿವೃತ್ತಿಯ ಬದುಕಿನ ಖರ್ಚನ್ನು ಇವತ್ತಿನ ಬೆಲೆಯಲ್ಲಿ ಬರೆಯಿರಿ

ಇಲ್ಲಿ ಬೇಕಿರುವುದು ಇವತ್ತಿನ ಖರ್ಚಲ್ಲ. ಇವತ್ತೇ ನಿವೃತ್ತಿಯಾಗಿದ್ದರೆ ಎಷ್ಟು ಖರ್ಚಾಗುತ್ತಿತ್ತು ಅನ್ನುವುದು ಬೇಕು. ಸಂಬಳದ ಶೇ. 70 ಅಥವಾ 80 ಎಂದು ಅಂದಾಜು ಹಿಡಿಯುವ ಪದ್ಧತಿ ಇದೆ. ಅದನ್ನು ನಾನು ನಂಬುವುದಿಲ್ಲ. ಒಂದೇ ಸಂಬಳದ ಎರಡು ಮನೆಗಳ ಖರ್ಚು ಒಂದೇ ಇರುವುದಿಲ್ಲ.

ನಮ್ಮ ದಂಪತಿಗೆ ತಿಂಗಳಿಗೆ 62,000 ರೂಪಾಯಿ ಹೋಗುತ್ತದೆ. ಇದರಲ್ಲಿ ಮನೆ ಸಾಲದ ಕಂತು 18,000, ಮಗಳ ಶಾಲೆ ಮತ್ತು ಟ್ಯೂಷನ್ 8,000, ಟರ್ಮ್ ವಿಮೆ 2,000. ಈ ಮೂರೂ ನಿವೃತ್ತಿಯ ಹೊತ್ತಿಗೆ ಮುಗಿದಿರುತ್ತವೆ. ತೆಗೆದರೆ 34,000 ಉಳಿಯುತ್ತದೆ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಸೇರಿಸಬೇಕಾದ್ದೂ ಇದೆ. ವರ್ಷಕ್ಕೊಮ್ಮೆ ಬರುವ ಖರ್ಚು, ಹಾಳಾದ ಫ್ರಿಜ್, ಮನೆಗೆ ಸುಣ್ಣಬಣ್ಣ ಎಲ್ಲ ಸೇರಿ ಇವರಿಗೆ ವರ್ಷಕ್ಕೆ 36,000, ಅಂದರೆ ತಿಂಗಳಿಗೆ 3,000. ಇನ್ನೊಂದು ಆರೋಗ್ಯ ವಿಮೆ. ಕೆಲಸದಲ್ಲಿರುವಾಗ ಕಂಪನಿಯೇ ಕಟ್ಟುತ್ತದೆ, ಹಾಗಾಗಿ ಸ್ಟೇಟ್‌ಮೆಂಟಿನಲ್ಲಿ ಅದರ ಸುಳಿವೇ ಇರುವುದಿಲ್ಲ. ಕೆಲಸ ಬಿಟ್ಟ ದಿನ ಆ ವಿಮೆಯೂ ಹೋಗುತ್ತದೆ. ಅದಕ್ಕೆ ತಿಂಗಳಿಗೆ 3,000 ಇಟ್ಟಿದ್ದೇನೆ. ನಿಮ್ಮ ಲೆಕ್ಕಕ್ಕೆ ವಿಮಾ ಕಂತು ವಿಚಾರಿಸುವಾಗ ನಿಮ್ಮ ವಯಸ್ಸಿಗೆ ಎಷ್ಟು ಎಂದು ಕೇಳಬೇಡಿ. ಇವತ್ತು 60 ದಾಟಿದ ದಂಪತಿಗೆ ಎಷ್ಟು ಎಂದು ಕೇಳಿ. ಎರಡಕ್ಕೂ ದೊಡ್ಡ ಅಂತರ ಇರುತ್ತದೆ.

ಒಟ್ಟು ತಿಂಗಳಿಗೆ 40,000. ವರ್ಷಕ್ಕೆ 4,80,000. ಇದನ್ನು ಹಾಳೆಯ B1ರಲ್ಲಿ ಬರೆಯಿರಿ.

ಎಚ್ಚರಿಕೆಯ ಗುರುತು: ನಿಮಗೆ ಬಂದ ಅಂಕಿ ಈಗಿನ ಖರ್ಚಿನ ಅರ್ಧಕ್ಕಿಂತ ಕಡಿಮೆ ಇದ್ದರೆ ಏನನ್ನೋ ಬಿಟ್ಟಿದ್ದೀರಿ. ಬಾಡಿಗೆ ಮನೆಯಲ್ಲಿರುವವರು ಬಾಡಿಗೆಯನ್ನು ತೆಗೆದುಬಿಟ್ಟಿರುವುದು ಸಾಮಾನ್ಯ. ಮುಂದೆ ಮನೆ ಕಟ್ಟುತ್ತೇನೆ ಎನ್ನುವ ಆಸೆ ಇದ್ದರೂ, ಕಟ್ಟುವವರೆಗೆ ಬಾಡಿಗೆ ಲೆಕ್ಕದಲ್ಲಿ ಇರಲಿ.

## ಹಂತ 2: ಎರಡು ಅವಧಿಗಳನ್ನು ಗೊತ್ತುಮಾಡಿ

ಒಂದು, ನಿವೃತ್ತಿಗೆ ಇನ್ನು ಎಷ್ಟು ವರ್ಷ. ಇವರಿಗೆ 25.

ಎರಡು, ನಿವೃತ್ತಿಯ ನಂತರ ಹಣ ಎಷ್ಟು ವರ್ಷ ಬರಬೇಕು. ಇಲ್ಲಿ ಗಂಡನ ವಯಸ್ಸನ್ನು ಮಾತ್ರ ನೋಡಿ 60ರಿಂದ 85, ಅಂದರೆ 25 ವರ್ಷ ಎಂದು ಬರೆಯುವವರೇ ಜಾಸ್ತಿ. ಆದರೆ ಇಡುಗಂಟು ಇಬ್ಬರದೂ ಹೌದು. ಗಂಡ ನಿವೃತ್ತಿಯಾದಾಗ ಹೆಂಡತಿಗೆ 57. ಅವರಿಗೆ 90 ಆಗುವವರೆಗೆ ಹಣ ಬರಬೇಕು ಎಂದರೆ 33 ವರ್ಷ. ಗಂಡ ತೀರಿಕೊಂಡ ಮೇಲೆ ಖರ್ಚು ಸ್ವಲ್ಪ ಇಳಿಯಬಹುದು, ಆದರೆ ಅರ್ಧವಾಗುವುದಿಲ್ಲ. ಒಬ್ಬರಿದ್ದರೂ ಮನೆ ಅದೇ, ಕಂದಾಯ ಅದೇ, ನೋಡಿಕೊಳ್ಳಲು ಜನ ಬೇಕಾದರೆ ಖರ್ಚು ಇನ್ನೂ ಜಾಸ್ತಿ. ಅದಕ್ಕೇ ಇಬ್ಬರಲ್ಲಿ ಚಿಕ್ಕವರ ವಯಸ್ಸನ್ನು ಹಿಡಿದು ಲೆಕ್ಕ ಹಾಕಿ.

## ಹಂತ 3: ನಿವೃತ್ತಿಯ ಮೊದಲ ವರ್ಷದ ಖರ್ಚು

ಈಗ ಬೆಲೆ ಏರಿಕೆಯ ದರ ಬೇಕು. ರಿಸರ್ವ್ ಬ್ಯಾಂಕಿನ ಗುರಿ ಶೇ. 4. ಅದರಿಂದ 2 ಹೆಚ್ಚು ಅಥವಾ 2 ಕಡಿಮೆ ಆಗಬಹುದು ಎನ್ನುವ ವ್ಯಾಪ್ತಿಯೂ ಇದೆ. ನಾನು ಆ ವ್ಯಾಪ್ತಿಯ ಮೇಲಿನ ತುದಿ, ಅಂದರೆ ಶೇ. 6 ಹಿಡಿಯುತ್ತೇನೆ. ಸರ್ಕಾರದ ಅಂಕಿ ಇಡೀ ದೇಶದ ಬುಟ್ಟಿಯ ಸರಾಸರಿ. ವಯಸ್ಸಾದವರ ಬುಟ್ಟಿಯಲ್ಲಿ ಆಸ್ಪತ್ರೆ, ಔಷಧಿ, ಮನೆಗೆಲಸದವರ ಸಂಬಳ ಹೆಚ್ಚು ಜಾಗ ಹಿಡಿಯುತ್ತವೆ. ಆಸ್ಪತ್ರೆ ಬಿಲ್ಲು ತರಕಾರಿ ಬೆಲೆಯಂತೆ ಏರಿ ಇಳಿಯುವುದಿಲ್ಲ, ಏರಿದ್ದು ಏರಿದ್ದೇ.

```
B1   480000
B2   6%
B3   25
B4   33
B5   =B1*(1+B2)^B3
```

B5ರಲ್ಲಿ 20,60,098 ಬರುತ್ತದೆ. ಅಂದರೆ ಇವತ್ತು ತಿಂಗಳಿಗೆ 40,000ದಲ್ಲಿ ನಡೆಯುವ ಬದುಕಿಗೆ 25 ವರ್ಷದ ನಂತರ ಸುಮಾರು 1,71,700 ಬೇಕು. ಬದುಕಿನ ಮಟ್ಟ ಒಂದಿಷ್ಟೂ ಏರಿಲ್ಲ. ಅದೇ ಅನ್ನ, ಅದೇ ಸಾರು.

ಇಲ್ಲಿ ಆಗುವ ತಪ್ಪು ಒಂದೇ. ಶೇ. 6ನ್ನು 25ರಿಂದ ಗುಣಿಸಿ ಶೇ. 150 ಏರಿಕೆ ಎಂದುಕೊಂಡು, ಖರ್ಚು ಎರಡೂವರೆ ಪಟ್ಟು ಎಂದು ಬರೆಯುತ್ತಾರೆ. ಏರಿಕೆ ಚಕ್ರಬಡ್ಡಿಯ ಹಾಗೆ ಬೆಳೆಯುತ್ತದೆ. ಸರಿಯಾದ ಉತ್ತರ 4.29 ಪಟ್ಟು.

## ಹಂತ 4: ಇಡುಗಂಟು ಎಷ್ಟು

ಇದೇ ಇಡೀ ಲೆಕ್ಕದ ಮುಖ್ಯ ಹಂತ. ಎಲ್ಲರೂ ಮುಗ್ಗರಿಸುವುದೂ ಇಲ್ಲಿಯೇ.

ಮೊದಲು ತಪ್ಪು ದಾರಿಯನ್ನು ನೋಡಿ. "ವರ್ಷಕ್ಕೆ 20.6 ಲಕ್ಷ ಬೇಕು. ಶೇ. 7 ಬಡ್ಡಿ ಬರುತ್ತದೆ. 20.6 ಲಕ್ಷವನ್ನು 0.07ರಿಂದ ಭಾಗಿಸಿದರೆ 2.94 ಕೋಟಿ. ಬಡ್ಡಿಯಲ್ಲೇ ಬದುಕಬಹುದು, ಅಸಲು ಮಕ್ಕಳಿಗೆ ಉಳಿಯುತ್ತದೆ." ಕೇಳಲು ಸರಿಯಾಗಿಯೇ ಇದೆ. ಮೊದಲ ವರ್ಷ ಹೀಗೇ ನಡೆಯುತ್ತದೆ ಕೂಡ. ಆದರೆ ಎರಡನೇ ವರ್ಷ ಖರ್ಚು 21.8 ಲಕ್ಷ ಆಗುತ್ತದೆ, ಬಡ್ಡಿ ಮಾತ್ರ ಅಷ್ಟೇ ಇರುತ್ತದೆ. ಉಳಿದದ್ದನ್ನು ಅಸಲಿನಿಂದ ತೆಗೆಯಬೇಕು. ಮುಂದಿನ ವರ್ಷ ಅಸಲು ಕಡಿಮೆ, ಬಡ್ಡಿಯೂ ಕಡಿಮೆ, ಖರ್ಚು ಮತ್ತೆ ಹೆಚ್ಚು. ಈ 2.94 ಕೋಟಿ 15 ವರ್ಷಕ್ಕೆ ಮುಗಿಯುತ್ತದೆ. ಆಗ ಗಂಡನಿಗೆ 75, ಹೆಂಡತಿಗೆ 72.

ಸರಿಯಾದ ದಾರಿ ಎಂದರೆ ಬಡ್ಡಿಯಿಂದ ಬೆಲೆ ಏರಿಕೆಯನ್ನು ಕಳೆದ ಮೇಲೆ ಉಳಿಯುವ ನಿಜವಾದ ಗಳಿಕೆಯಲ್ಲಿ ಲೆಕ್ಕ ಹಾಕುವುದು. ಇದಕ್ಕೆ ಎರಡು ದರ ಬೇಕು. ಒಂದು ಬೆಲೆ ಏರಿಕೆಯ ಶೇ. 6. ಇನ್ನೊಂದು, ನಿವೃತ್ತಿಯ ನಂತರ ಹಣ ಗಳಿಸುವ ದರ, ತೆರಿಗೆ ಕಟ್ಟಿದ ಮೇಲೆ ಕೈಗೆ ಬರುವಷ್ಟು. ಇದನ್ನು ಶೇ. 7 ಎಂದು ಹಿಡಿದಿದ್ದೇನೆ.

```
B6   7%
B7   =(1+B6)/(1+B2)-1
B8   =PV(B7,B4,-B5,0,1)
```

B7ರಲ್ಲಿ ಶೇ. 0.94 ಬರುತ್ತದೆ. ಒಂದು ಕೂಡ ಪೂರ್ತಿ ಇಲ್ಲ. 7ರಲ್ಲಿ 6 ಕಳೆದು 1 ಎಂದು ಬರೆದರೆ ದೊಡ್ಡ ಪ್ರಮಾದವೇನೂ ಆಗುವುದಿಲ್ಲ. ಆದರೂ ಹಾಳೆಯಲ್ಲಿ ಭಾಗಾಕಾರವೇ ಇರಲಿ, ಯಾಕೆಂದರೆ ಎರಡು ದರಗಳ ನಡುವಿನ ಅಂತರ ಹೆಚ್ಚಾದಂತೆ ಕಳೆಯುವ ಲೆಕ್ಕ ಇನ್ನಷ್ಟು ದಾರಿ ತಪ್ಪುತ್ತದೆ.

B8ರ ಸೂತ್ರದ ಕೊನೆಯಲ್ಲಿರುವ 1ನ್ನು ಮರೆಯಬೇಡಿ. ವರ್ಷದ ಶುರುವಿನಲ್ಲೇ ಆ ವರ್ಷದ ಖರ್ಚಿನ ಹಣ ತೆಗೆದಿಟ್ಟುಕೊಳ್ಳುತ್ತೇವೆ ಎಂದು ಅದರ ಅರ್ಥ. B5ರ ಮುಂದಿನ ಕಳೆಯುವ ಚಿಹ್ನೆ ಬಿಟ್ಟರೆ ಉತ್ತರ ಋಣದಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ.

ಉತ್ತರ 5,87,34,000ದ ಹತ್ತಿರ. ಅಂದರೆ 5.87 ಕೋಟಿ. ಮೊದಲ ವರ್ಷದ ಖರ್ಚಿನ 28.5 ಪಟ್ಟು. ಈ ಅಂಕಿ ನೋಡಿ ಗಾಬರಿಯಾಗುವುದು ಸಹಜ. ಇದು 25 ವರ್ಷದ ನಂತರದ ರೂಪಾಯಿ ಎನ್ನುವುದು ನೆನಪಿರಲಿ. ಇವತ್ತಿನ ಬೆಲೆಯಲ್ಲಿ ಹೇಳುವುದಾದರೆ 4.8 ಲಕ್ಷದ 28.5 ಪಟ್ಟು, ಸುಮಾರು 1.37 ಕೋಟಿ.

ಇನ್ನು ಆ ಶೇ. 7ರ ಬಗ್ಗೆ. ಎಲ್ಲ ಹಣವನ್ನೂ ಬ್ಯಾಂಕ್ ಎಫ್‌ಡಿಯಲ್ಲಿ ಇಡುವವರಿಗೆ ಈ ದರ ಅನ್ವಯಿಸುವುದಿಲ್ಲ. ಎಫ್‌ಡಿ ಶೇ. 7 ಕೊಟ್ಟು, ನೀವು ಅದಕ್ಕೆ ಶೇ. 20 ತೆರಿಗೆ ಕಟ್ಟುವವರಾದರೆ ಕೈಗೆ ಬರುವುದು ಶೇ. 5.6. ಅದು ಬೆಲೆ ಏರಿಕೆಗಿಂತ ಕಡಿಮೆ. B6ರಲ್ಲಿ 5.6% ಹಾಕಿ ನೋಡಿ, ಇಡುಗಂಟು 7.23 ಕೋಟಿಗೆ ಏರುತ್ತದೆ. ಶೇ. 7 ಬರಬೇಕಾದರೆ ನಿವೃತ್ತಿಯ ನಂತರವೂ ಹಣದ ಒಂದು ಪಾಲು, ನನ್ನ ಪ್ರಕಾರ ಶೇ. 35ರಿಂದ 40, ಷೇರು ಆಧಾರಿತ ಫಂಡುಗಳಲ್ಲಿ ಉಳಿಯಬೇಕು. ಅದು ಬೇಡ ಎನ್ನುವವರು ದೊಡ್ಡ ಇಡುಗಂಟಿಗೆ ತಯಾರಾಗಬೇಕು. ಎಲ್ಲವೂ ಎಫ್‌ಡಿಯಲ್ಲೇ ಇರಬೇಕು, ಇಡುಗಂಟೂ ಚಿಕ್ಕದಿರಬೇಕು ಎಂದರೆ ಲೆಕ್ಕ ಕೂಡುವುದಿಲ್ಲ.

## ಹಂತ 5: ಈಗಾಗಲೇ ಇರುವುದನ್ನು ಕಳೆಯಿರಿ

ಇವರ ಪಿಎಫ್‌ನಲ್ಲಿ 8 ಲಕ್ಷ ಇದೆ. ತಿಂಗಳಿಗೆ ಇವರ ಪಾಲು ಮತ್ತು ಕಂಪನಿಯ ಪಾಲು ಸೇರಿ 8,000 ಜಮಾ ಆಗುತ್ತದೆ. ಪಾಸ್‌ಬುಕ್‌ನಲ್ಲಿ ಮೂರು ಅಂಕಣ ಇರುತ್ತವೆ. ಉದ್ಯೋಗಿಯ ಪಾಲು, ಕಂಪನಿಯ ಪಾಲು, ಪೆನ್ಷನ್ ಪಾಲು. ಮೂರನೆಯದನ್ನು ಕೂಡಿಸಬೇಡಿ. ಆ ಹಣ ಪೆನ್ಷನ್ ಯೋಜನೆಗೆ ಹೋಗುತ್ತದೆ, ಅದಕ್ಕೆ ನಿಮ್ಮ ಖಾತೆಯಲ್ಲಿ ಬಡ್ಡಿ ಸೇರುವುದಿಲ್ಲ.

ಪಿಎಫ್ ಬಡ್ಡಿ 2023-24 ಮತ್ತು 2024-25ಕ್ಕೆ ಶೇ. 8.25 ಇತ್ತು. 25 ವರ್ಷಕ್ಕೆ ನಾನು ಶೇ. 8 ಹಿಡಿದಿದ್ದೇನೆ. ಇನ್ನೂ ಬಿಗಿಯಾಗಿರಲಿ ಎನ್ನುವವರು 7.5 ಹಾಕಲಿ. ಸಂಬಳ ಏರಿದ ಹಾಗೆ ಜಮಾ ಕೂಡ ಏರುತ್ತದೆ, ಆದರೆ ಅದನ್ನು ಬೇಕೆಂದೇ ಬಿಟ್ಟಿದ್ದೇನೆ. ಬಡ್ಡಿ ಕಡಿಮೆಯಾದರೆ ಆ ಏರಿಕೆ ಅದನ್ನು ತುಂಬಿಕೊಡಲಿ ಎಂದು.

```
B9   =FV((1+8%)^(1/12)-1,B3*12,-8000,-800000)
B10  =B8-B9
```

ಪಿಎಫ್ 1.27 ಕೋಟಿ ಆಗುತ್ತದೆ. ಉಳಿದ ಕೊರತೆ, ಅಂದರೆ B10, ಸುಮಾರು 4.60 ಕೋಟಿ.

ಏನನ್ನು ಕಳೆಯಬಾರದು ಎನ್ನುವುದೂ ಅಷ್ಟೇ ಮುಖ್ಯ. ವಾಸದ ಮನೆಯನ್ನು ಕಳೆಯಬೇಡಿ, ಅದನ್ನು ಮಾರಿ ಎಲ್ಲಿ ಇರುತ್ತೀರಿ? ಹೆಂಡತಿಯ ಒಡವೆಯನ್ನೂ ಕಳೆಯಬೇಡಿ. ಮಧ್ಯದಲ್ಲಿ ಮನೆಗೋ ಮದುವೆಗೋ ಪಿಎಫ್ ತೆಗೆಯುವ ಆಲೋಚನೆ ಇದ್ದರೆ ಅಷ್ಟನ್ನು ಈಗಲೇ 8 ಲಕ್ಷದಿಂದ ಇಳಿಸಿ.

ಪಿಎಫ್ ಜೊತೆ ಬರುವ ಪೆನ್ಷನ್ ಇದೆಯಲ್ಲ ಎಂದು ಕೇಳುವವರಿದ್ದಾರೆ. 15,000 ರೂಪಾಯಿ ವೇತನ ಮಿತಿಯಲ್ಲಿ 35 ವರ್ಷ ಸೇವೆ ಮಾಡಿದವರಿಗೆ ಆ ಪೆನ್ಷನ್ ತಿಂಗಳಿಗೆ 7,500. ಮಿತಿ ಹೀಗೇ ಉಳಿದರೆ 25 ವರ್ಷದ ನಂತರದ 7,500ಕ್ಕೆ ಇವತ್ತಿನ ಬೆಲೆಯಲ್ಲಿ 1,750ರಷ್ಟೇ ತೂಕ. ಅದು ವರ್ಷವರ್ಷ ಏರುವುದೂ ಇಲ್ಲ. ಬಂದರೆ ಬರಲಿ, ಲೆಕ್ಕದಲ್ಲಿ ಬೇಡ.

ಸರ್ಕಾರಿ ನೌಕರರಲ್ಲಿ ಹಳೆಯ ಪೆನ್ಷನ್ ಇರುವವರ ವಿಷಯ ಬೇರೆ. ಅವರಿಗೆ ಬೆಲೆಯ ಜೊತೆ ತುಟ್ಟಿಭತ್ಯೆ ಏರುತ್ತದೆ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಎನ್‌ಪಿಎಸ್ ಎನ್ನುವ ಹೊಸ ಪೆನ್ಷನ್ ಯೋಜನೆ. ಅದರಲ್ಲಿ ಕೂಡಿದ ಹಣದ ಒಂದು ಪಾಲಿನಿಂದ ಕೊಳ್ಳುವ ಪೆನ್ಷನ್ ಸಾಮಾನ್ಯವಾಗಿ ತುಟ್ಟಿಭತ್ಯೆಯಂತೆ ಏರುವುದಿಲ್ಲ. ಅವರೂ ಇದೇ ಹಾಳೆ ಮಾಡಬೇಕು.

## ಹಂತ 6: ತಿಂಗಳ ಎಸ್‌ಐಪಿ ಎಷ್ಟು

ಈಗ 4.60 ಕೋಟಿಯನ್ನು ಎಸ್‌ಐಪಿಯಲ್ಲಿ, ಅಂದರೆ ಪ್ರತಿ ತಿಂಗಳು ಮ್ಯೂಚುವಲ್ ಫಂಡಿಗೆ ಒಂದು ಮೊತ್ತ ಹಾಕುತ್ತಾ, 25 ವರ್ಷದಲ್ಲಿ ಕೂಡಿಸಬೇಕು. ಈ ಅವಧಿಯ ಗಳಿಕೆಯನ್ನು ಶೇ. 10 ಎಂದು ಹಿಡಿಯುತ್ತೇನೆ. ಷೇರು ಫಂಡಿಗೆ ಶೇ. 12, 15 ಎಂದು ಬರೆಯುವ ರೂಢಿ ಇದೆ. ನಾನು ಇಳಿಸುವುದಕ್ಕೆ ಕಾರಣ ಎರಡು. ಕೊನೆಯಲ್ಲಿ ತೆರಿಗೆ ಕಟ್ಟಬೇಕು. ನಿವೃತ್ತಿ ಹತ್ತಿರ ಬಂದಾಗ ಷೇರಿನಿಂದ ಸ್ವಲ್ಪ ಸ್ವಲ್ಪವಾಗಿ ಹಣ ಹೊರತೆಗೆಯಬೇಕು, ಆಗ ಗಳಿಕೆ ತಗ್ಗುತ್ತದೆ.

```
B11  10%
B12  =(1+B11)^(1/12)-1
B13  =PMT(B12,B3*12,0,-B10,1)
```

B13ರಲ್ಲಿ ಸುಮಾರು 37,000 ಬರುತ್ತದೆ. ಇದು 25 ವರ್ಷವೂ ಒಂದೇ ಮೊತ್ತ ಹಾಕಿದರೆ.

B12ರ ಸಾಲನ್ನು ಗಮನಿಸಿ. ಹಲವು ಕ್ಯಾಲ್ಕುಲೇಟರ್‌ಗಳು ಶೇ. 10ನ್ನು ಸುಮ್ನೆ 12ರಿಂದ ಭಾಗಿಸುತ್ತವೆ. ಹಾಗೆ ಮಾಡಿದರೆ ಉತ್ತರ 34,370 ಬರುತ್ತದೆ. ಅದು ಶೇ. 10ರ ಲೆಕ್ಕವಲ್ಲ, ವರ್ಷಕ್ಕೆ ಶೇ. 10.47ರ ಲೆಕ್ಕ. ತಿಂಗಳಿಗೆ 2,600 ಕಡಿಮೆ ಹಾಕಿ 25 ವರ್ಷ ಕಾದ ಮೇಲೆ ಕೊರತೆ ಗೊತ್ತಾದರೆ ಏನೂ ಮಾಡುವಂತಿಲ್ಲ. ನಿಮ್ಮ ಹಾಳೆಗೂ ಕ್ಯಾಲ್ಕುಲೇಟರಿಗೂ ಸುಮಾರು ಶೇ. 7ರಷ್ಟು ವ್ಯತ್ಯಾಸ ಬಂದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ತಿಂಗಳಿಗೆ 62,000 ಖರ್ಚಿರುವ ಮನೆಗೆ ಈಗಲೇ 37,000 ಕಟ್ಟು ಎಂದರೆ ಆಗದ ಮಾತು. ಆಗದ ಮೊತ್ತ ಕಂಡಾಗ ಜನ ಸಾಮಾನ್ಯವಾಗಿ ಹಾಳೆಯನ್ನೇ ಮುಚ್ಚಿಬಿಡುತ್ತಾರೆ. ಅಲ್ಲಿಯೇ ನಿಲ್ಲಬೇಡಿ. ಖರ್ಚು ಬೆಲೆಯ ಜೊತೆ ಏರುತ್ತದೆ ಎಂದು ಒಪ್ಪಿದ ಮೇಲೆ ಉಳಿತಾಯವೂ ಅದೇ ದರದಲ್ಲಿ ಏರಲಿ.

```
B14  6%
B15  =B10*(B11-B14)/((B11/B12)*(1+B12)*((1+B11)^B3-(1+B14)^B3))
```

ಈಗ ಉತ್ತರ 22,240. ಮೊದಲ ವರ್ಷ ತಿಂಗಳಿಗೆ 22,240, ಎರಡನೇ ವರ್ಷ 23,575, ಹೀಗೆ ಪ್ರತಿ ವರ್ಷ ಶೇ. 6 ಜಾಸ್ತಿ. ಹತ್ತನೇ ವರ್ಷ ಇದು 37,000ವನ್ನು ದಾಟುತ್ತದೆ. ಕೊನೆಯ ವರ್ಷ ತಿಂಗಳಿಗೆ 90,000 ಆಗಿರುತ್ತದೆ. ಆ 90,000ದ ಬೆಲೆ ಇವತ್ತಿನ 22,240ರಷ್ಟೇ. ಸಂಬಳ ಬೆಲೆ ಏರಿಕೆಯ ಜೊತೆ ಹೆಜ್ಜೆ ಹಾಕಿದರೆ ಸಾಕು, ಹೊರೆ ಒಂದೇ ಇರುತ್ತದೆ.

B14ರಲ್ಲಿ 10% ಹಾಕಿದರೆ ಸೂತ್ರ ಕೆಡುತ್ತದೆ, ಯಾಕೆಂದರೆ B11 ಕೂಡ ಅಷ್ಟೇ ಇದೆ. 9.99% ಹಾಕಿ. ಆಗ ಮೊದಲ ಕಂತು 14,800ಕ್ಕೆ ಇಳಿಯುತ್ತದೆ. ಇದನ್ನು ನೋಡಿ ಖುಷಿಪಡುವ ಮೊದಲು ಯೋಚಿಸಿ. 25 ವರ್ಷ ಬಿಡದೆ ಶೇ. 10ರಷ್ಟು ಸಂಬಳ ಏರಿದರೆ ಮಾತ್ರ ಇದು ನಡೆಯುತ್ತದೆ. 45 ದಾಟಿದ ಮೇಲೆ ಹಲವರ ಸಂಬಳ ನಿಂತಲ್ಲೇ ನಿಲ್ಲುತ್ತದೆ. ಸುಲಭದ ಕಂತನ್ನು ಈಗ ಕಟ್ಟಿ, ಕಷ್ಟದ ಕಂತನ್ನು ಆ ವಯಸ್ಸಿಗೆ ದೂಡಿದಂತಾಗುತ್ತದೆ. ಹಾಗಾಗಿ ಬೆಲೆ ಏರಿಕೆಯ ದರಕ್ಕಿಂತ ಹೆಚ್ಚಿನ ಏರಿಕೆಯನ್ನು ನಾನು ಯಾರಿಗೂ ಹೇಳುವುದಿಲ್ಲ.

ಎಸ್‌ಐಪಿ ನೋಂದಾಯಿಸುವಾಗಲೇ ಸ್ಟೆಪ್-ಅಪ್ ಅಥವಾ ಟಾಪ್-ಅಪ್ ಆಯ್ಕೆ ತುಂಬಿ. ಮುಂದಿನ ವರ್ಷ ನೆನಪಿಟ್ಟು ಏರಿಸುತ್ತೇನೆ ಎಂದುಕೊಂಡರೆ ಅದು ಆಗುವುದಿಲ್ಲ. ಖಾತೆಯಿಂದ ಕಂತು ತೆಗೆಯಲು ಬ್ಯಾಂಕಿಗೆ ಕೊಡುವ ಅನುಮತಿಯ, ಅಂದರೆ ಮ್ಯಾಂಡೇಟಿನ, ಮಿತಿಯನ್ನೂ ನೋಡಿ. ಈಗಿನ ಕಂತಿಗೆ ಸರಿಹೋಗುವ ಮಿತಿ ಕೊಟ್ಟಿದ್ದರೆ ಏರಿದ ಕಂತು ಒಂದು ದಿನ ವಾಪಸ್ ಬರುತ್ತದೆ.

## ಹಂತ 7: ಲೆಕ್ಕ ಸರಿಯಿದೆಯೇ ಎಂದು ವರ್ಷವರ್ಷ ನಡೆಸಿ ನೋಡಿ

ಸೂತ್ರವನ್ನು ಕುರುಡಾಗಿ ನಂಬಬೇಡಿ. ಪಕ್ಕದಲ್ಲೇ ನಿವೃತ್ತಿಯ ನಂತರದ 33 ವರ್ಷದ ಪಟ್ಟಿ ಮಾಡಿ. E ಅಂಕಣ ವರ್ಷದ ಶುರುವಿನ ಹಣ, F ಆ ವರ್ಷದ ಖರ್ಚು, G ವರ್ಷದ ಕೊನೆಯ ಹಣ.

```
E2   =B8
F2   =B5
G2   =(E2-F2)*(1+$B$6)
E3   =G2
F3   =F2*(1+$B$2)
G3   =(E3-F3)*(1+$B$6)
```

ಮೂರನೇ ಸಾಲನ್ನು 34ನೇ ಸಾಲಿನವರೆಗೆ ಎಳೆಯಿರಿ. G34ರಲ್ಲಿ ಸೊನ್ನೆ ಬರಬೇಕು. ಕೋಟಿಗಟ್ಟಲೆ ಉಳಿದರೆ ಅಥವಾ ಮಧ್ಯದಲ್ಲೇ ಋಣಕ್ಕೆ ಇಳಿದರೆ ಮೇಲೆ ಎಲ್ಲೋ ತಪ್ಪಿದೆ. ಹೆಚ್ಚಾಗಿ ಅದು PV ಸೂತ್ರದ ಕೊನೆಯ 1, ಅಥವಾ B7ರ ಬದಲು B6 ಹಾಕಿರುವುದು.

ಈ ಪಟ್ಟಿಯ ಇನ್ನೊಂದು ಉಪಯೋಗ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. E ಅಂಕಣವನ್ನು ಮೇಲಿನಿಂದ ಕೆಳಗೆ ಓದಿ. 5.87 ಕೋಟಿಯಿಂದ ಶುರುವಾದ ಹಣ ಎರಡನೇ ವರ್ಷ 6.06 ಕೋಟಿ ಆಗುತ್ತದೆ. ಖರ್ಚು ಮಾಡುತ್ತಲೇ ಇದ್ದರೂ ಏರುತ್ತಲೇ ಹೋಗುತ್ತದೆ. 18ನೇ ವರ್ಷದ ಶುರುವಿನಲ್ಲಿ 8.28 ಕೋಟಿ ಮುಟ್ಟುತ್ತದೆ. ಆಗ ಗಂಡನಿಗೆ 77. ಆಮೇಲೆ ಇಳಿಯಲು ಶುರುವಾಗಿ, ಉಳಿದ 16 ವರ್ಷದಲ್ಲಿ ಪೂರ್ತಿ ಖಾಲಿ.

ಹೀಗಾಗುವುದು ಯಾಕೆ? ಮೊದಲ ವರ್ಷಗಳಲ್ಲಿ ಗಳಿಕೆ ಖರ್ಚಿಗಿಂತ ಹೆಚ್ಚಿರುತ್ತದೆ, ಆ ಹೆಚ್ಚುವರಿ ಮುಂದಿನ ದುಬಾರಿ ವರ್ಷಗಳಿಗೆ ಕೂಡಿಕೊಳ್ಳುತ್ತದೆ. 18ನೇ ವರ್ಷ ಇವರ ಖರ್ಚು ವರ್ಷಕ್ಕೆ 55 ಲಕ್ಷ ದಾಟಿರುತ್ತದೆ. ಅಪಾಯ ಇರುವುದು ಆ ಮೊದಲ ವರ್ಷಗಳಲ್ಲಿ. "ಖರ್ಚು ಮಾಡಿದರೂ ಹಣ ಏರುತ್ತಿದೆ, ನಮಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ" ಎಂದು ಅನ್ನಿಸುತ್ತದೆ. ಮಗಳ ಫ್ಲಾಟಿಗೆ ಒಂದು ಕೋಟಿ ಕೊಟ್ಟುಬಿಡುತ್ತಾರೆ. ಅದು ಹೆಚ್ಚುವರಿ ಹಣವಲ್ಲ, 80ರ ನಂತರದ ಊಟ ಮತ್ತು ಔಷಧಿಯ ಹಣ. ಕೊಡುವ ಆಸೆ ಇದ್ದರೆ ಅದಕ್ಕೆ ಬೇರೆ ಗುರಿ ಇಟ್ಟು, ಬೇರೆ ಎಸ್‌ಐಪಿ ಮಾಡಬೇಕು.

## ಹಂತ 8: ಒಂದೊಂದೇ ಅಂಕಿ ಕೆಡಿಸಿ ನೋಡಿ

ಬೇರೆಲ್ಲ ಹಾಗೇ ಬಿಟ್ಟು B2ನ್ನು 7% ಮಾಡಿ. ಇಡುಗಂಟು 5.87 ಕೋಟಿಯಿಂದ 8.60 ಕೋಟಿಗೆ ಜಿಗಿಯುತ್ತದೆ. ಮೊದಲ ವರ್ಷದ ಎಸ್‌ಐಪಿ 22,240ರಿಂದ 35,400ಕ್ಕೆ ಏರುತ್ತದೆ. ಒಂದೇ ಒಂದು ಶೇಕಡಾ ಇಷ್ಟು ಮಾಡುತ್ತದೆ, ಯಾಕೆಂದರೆ ಅದು ನಿವೃತ್ತಿಗೆ ಮೊದಲಿನ 25 ವರ್ಷವನ್ನೂ ನಂತರದ 33 ವರ್ಷವನ್ನೂ ಹಿಡಿಯುತ್ತದೆ. ಈಗ B2ನ್ನು ಮತ್ತೆ 6 ಮಾಡಿ, B6ನ್ನು 8% ಮಾಡಿ. ಇಡುಗಂಟು 5.12 ಕೋಟಿಗೆ ಇಳಿಯುತ್ತದೆ.

ಹಾಗಾಗಿ ಉತ್ತರ ಒಂದು ಅಂಕಿಯಲ್ಲ, ಒಂದು ಹರವು. ನಾನು ಮಧ್ಯದ ಅಂಕಿಗೆ ಎಸ್‌ಐಪಿ ಶುರುಮಾಡಿ, ಬೋನಸ್ ಅಥವಾ ಸಾಲದ ಕಂತು ಮುಗಿದಾಗ ಉಳಿಯುವ ಹಣವನ್ನು ಮೇಲಿನ ಅಂಕಿಯ ಕಡೆಗೆ ತಿರುಗಿಸಿ ಎನ್ನುತ್ತೇನೆ. ನಮ್ಮ ದಂಪತಿಯ 18,000ದ ಕಂತು ಮುಗಿದ ತಿಂಗಳಿಂದಲೇ ಅದರ ಅರ್ಧ ಎಸ್‌ಐಪಿಗೆ ಬಂದರೆ ಈ ಅಂತರದ ಒಂದು ಪಾಲು ತುಂಬುತ್ತದೆ.

ಈ ಹಾಳೆಗೆ ಕಾಣದ ಅಪಾಯವೂ ಒಂದಿದೆ. ಹಾಳೆಯಲ್ಲಿ ಪ್ರತಿ ವರ್ಷವೂ ಶೇ. 7 ಬರುತ್ತದೆ. ನಿಜದಲ್ಲಿ ಒಂದು ವರ್ಷ 15, ಇನ್ನೊಂದು ವರ್ಷ ನಷ್ಟ. ಸರಾಸರಿ 7 ಆದರೂ, ನಷ್ಟದ ವರ್ಷಗಳು ನಿವೃತ್ತಿಯ ಶುರುವಿನಲ್ಲೇ ಬಂದರೆ ಬಿದ್ದ ಬೆಲೆಗೆ ಯೂನಿಟ್ ಮಾರಿ ಊಟ ಮಾಡಬೇಕಾಗುತ್ತದೆ. ಅದು ಮತ್ತೆ ತುಂಬುವುದಿಲ್ಲ. ಇದಕ್ಕೆ 55ನೇ ವಯಸ್ಸಿನಿಂದಲೇ ಸ್ವಲ್ಪಸ್ವಲ್ಪ ಹೊರತೆಗೆದು, ನಿವೃತ್ತಿಯ ದಿನಕ್ಕೆ ಕನಿಷ್ಠ ನಾಲ್ಕೈದು ವರ್ಷದ ಖರ್ಚು ಎಫ್‌ಡಿ ಮತ್ತು ಹಿರಿಯ ನಾಗರಿಕರ ಉಳಿತಾಯ ಯೋಜನೆಯಂಥ ಕಡೆ ಇರುವಂತೆ ನೋಡಿಕೊಳ್ಳಿ. ಆ ಯೋಜನೆಯಲ್ಲಿ ಈಗ ಒಬ್ಬರು 30 ಲಕ್ಷದವರೆಗೆ ಇಡಬಹುದು.

## ಹಂತ 9: ವರ್ಷಕ್ಕೊಮ್ಮೆ ತಿದ್ದಿ

ಏಪ್ರಿಲ್ ತಿಂಗಳು ಒಳ್ಳೆಯದು, ಸಂಬಳದ ಏರಿಕೆಯೂ ಆಗ ಗೊತ್ತಾಗಿರುತ್ತದೆ. B1ರಲ್ಲಿ ಹೊಸ ಖರ್ಚು, B3ರಲ್ಲಿ ಒಂದು ವರ್ಷ ಕಡಿಮೆ, B9ರಲ್ಲಿ ಪಿಎಫ್‌ನ ಹೊಸ ಮೊತ್ತ ಹಾಕಿ. ಅಷ್ಟರವರೆಗೆ ಕೂಡಿದ ಫಂಡಿನ ಹಣ ಮುಂದೆ ಎಷ್ಟಾಗುತ್ತದೆ ಎನ್ನುವುದನ್ನೂ B10ರಿಂದ ಕಳೆಯಿರಿ.

```
=ಈಗಿನ_ಮೊತ್ತ*(1+B11)^B3
```

ದಾರಿ ಸರಿಯಿದೆಯೇ ಎಂದು ನೋಡಲು ಇವರ ಫಂಡಿನ ಮೈಲಿಗಲ್ಲುಗಳು ಹೀಗಿರಬೇಕು: 5 ವರ್ಷಕ್ಕೆ 19 ಲಕ್ಷ, 10 ವರ್ಷಕ್ಕೆ 56 ಲಕ್ಷ, 15ಕ್ಕೆ 1.25 ಕೋಟಿ, 20ಕ್ಕೆ 2.47 ಕೋಟಿ. ಕೊನೆಯ ಐದು ವರ್ಷದಲ್ಲಿ ಅದು 4.60 ಕೋಟಿ ಆಗುತ್ತದೆ. ಹತ್ತು ವರ್ಷ ಕಟ್ಟಿದ ಮೇಲೂ ಗುರಿಯ ಎಂಟನೇ ಒಂದು ಭಾಗ ಮಾತ್ರ ಆಗಿದೆ ಎಂದು ಕಂಡರೆ ನಿಲ್ಲಿಸಬೇಡಿ, ಆಗ ಹಾಗೇ ಇರಬೇಕು.

ಚಿಂತಿಸಬೇಕಾದ ಗುರುತು ಬೇರೆ. ಪೇಟೆ ಬಿದ್ದ ಒಂದು ವರ್ಷ ಮೈಲಿಗಲ್ಲಿಗಿಂತ ಹಿಂದೆ ಬಿದ್ದರೆ ಸುಮ್ಮನಿರಿ. ಮೂರು ವರ್ಷ ಸತತವಾಗಿ ಶೇ. 15ಕ್ಕಿಂತ ಹೆಚ್ಚು ಹಿಂದಿದ್ದರೆ, ಅಥವಾ ನಿಮ್ಮ ಮನೆಯ ಖರ್ಚು ವರ್ಷಕ್ಕೆ ಶೇ. 8ರಂತೆ ಏರುತ್ತಿದ್ದರೆ, ಬದಲಾಯಿಸಬೇಕಾದ್ದು B11 ಅಲ್ಲ. ಗಳಿಕೆಯ ದರವನ್ನು 10ರಿಂದ 12ಕ್ಕೆ ಏರಿಸಿದರೆ ಹಾಳೆಯಲ್ಲಿ ಕೊರತೆ ಮಾಯವಾಗುತ್ತದೆ, ಬ್ಯಾಂಕಿನಲ್ಲಿ ಮಾಯವಾಗುವುದಿಲ್ಲ. ನಿಮ್ಮ ಕೈಯಲ್ಲಿರುವುದು ಮೂರೇ: ಎಸ್‌ಐಪಿ ಏರಿಸುವುದು, ನಿವೃತ್ತಿಯನ್ನು ಎರಡು ಮೂರು ವರ್ಷ ಮುಂದೆ ಹಾಕುವುದು, ಅಥವಾ B1ರ ಖರ್ಚನ್ನು ಇಳಿಸುವುದು. ಮೂರನ್ನೂ ಹಾಳೆಯಲ್ಲಿ ಒಂದೊಂದಾಗಿ ಹಾಕಿ ನೋಡಿ, ಇಬ್ಬರೂ ಕೂತು ಮಾತಾಡಿ, ಆ ತಿಂಗಳಲ್ಲೇ ಒಂದನ್ನು ಆರಿಸಿಕೊಳ್ಳಿ.